ಹದಿನೈದನೇ ದಿನ ಎರಡನೇ ಶನಿವಾರ: ಚೆಕ್ ಬೌನ್ಸ್ ನೋಟಿಸಿಗೆ ಉತ್ತರ ಕೊಟ್ಟು ಮುಗಿಸಿದ್ದು

ದಾವಣಗೆರೆಯಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿ. ಭತ್ತ ತಂದ ಬಾಬ್ತು ಎಪಿಎಂಸಿ ಯಾರ್ಡಿನ ಒಬ್ಬ ವ್ಯಾಪಾರಿಗೆ ಕೊಟ್ಟಿದ್ದ ₹2,40,000ದ ಚೆಕ್ ಫೆಬ್ರವರಿಯಲ್ಲಿ ವಾಪಸ್ಸಾಯಿತು. ಫೆಬ್ರವರಿ 27ರಂದು ವಕೀಲರ ನೋಟಿಸು ಕೈಸೇರಿತು, ಮಾರ್ಚ್ 23ಕ್ಕೆ ಮೂಲ ಚೆಕ್ ನನ್ನ ಕೈಗೆ ಮರಳಿ ಬಂತು. ಕೊಡಬೇಕಾದ ಹಣ ನಿಜ, ತಪ್ಪು ನಮ್ಮದೇ, ಕೋರ್ಟಿಗೆ ಹೋಗದಂತೆ ಮುಗಿಸಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಾಲವೇ ಇಲ್ಲ, ಚೆಕ್ ಕಳುವಾಗಿತ್ತು, ಸಹಿ ನನ್ನದಲ್ಲ ಎನ್ನುವವರ ದಾರಿ ಬೇರೆ. ಅವರು ಇದನ್ನು ಅನುಸರಿಸಬಾರದು.

ಚೆಕ್ಕಿನ ತಾರೀಖು ಫೆಬ್ರವರಿ 5. ಅವರು ಬ್ಯಾಂಕಿಗೆ ಹಾಕಿದ್ದು 9ರ ಸೋಮವಾರ ಬೆಳಿಗ್ಗೆ. ಚೆಕ್ ಹಾಕಿದ ಮಾರನೇ ದಿನವೇ ಹಣ ಕಡಿತವಾಗುವುದು ಅನ್ನುವ ಹಳೇ ಲೆಕ್ಕದಲ್ಲಿ ನಾನಿದ್ದೆ. 10ರೊಳಗೆ ಬರಬೇಕಿದ್ದ ಒಂದು ಬಾಕಿಯನ್ನು ನಂಬಿಕೊಂಡಿದ್ದೆ. ಆದರೆ 2025ರ ಅಕ್ಟೋಬರ್ 4ರಿಂದ ಚೆಕ್ ಕ್ಲಿಯರಿಂಗ್ ಬದಲಾಗಿದೆ. ಬೆಳಿಗ್ಗೆ ಹಾಕಿದ ಚೆಕ್ಕಿನ ಚಿತ್ರ ಆಗಲೇ ನಮ್ಮ ಬ್ಯಾಂಕಿಗೆ ಹೋಗುತ್ತದೆ, ಪಾಸೋ ವಾಪಸ್ಸೋ ಎಂಬುದು ಅದೇ ದಿನ ಸಂಜೆಯೊಳಗೆ ತೀರ್ಮಾನವಾಗುತ್ತದೆ. ಆ ದಿನ ಖಾತೆಯಲ್ಲಿದ್ದದ್ದು ₹1,86,400. ಚೆಕ್ ಹಿಂದಿರುಗಿತು. ನನ್ನ ಖಾತೆಯಿಂದ ದಂಡ ₹500, ಅದರ ಮೇಲೆ ಜಿಎಸ್‌ಟಿ ಸೇರಿ ₹590 ಹೋಯಿತು. ಅವರ ಬ್ಯಾಂಕೂ ಅವರಿಂದ ₹177 ಹಿಡಿದುಕೊಂಡಿತ್ತು. 10ರಂದು ಅವರಿಗೆ ಸಿಕ್ಕ ರಿಟರ್ನ್ ಮೆಮೋದಲ್ಲಿ ‘ಫಂಡ್ಸ್ ಇನ್‌ಸಫಿಶಿಯಂಟ್’ ಎಂದಿತ್ತು.

ಬರಬೇಕಿದ್ದ ಬಾಕಿ ಅರ್ಧ ಮಾತ್ರ ಬಂತು, ಅದೂ ಕೂಲಿಗೆ, ಹೊಟ್ಟಿಗೆ ಹೋಯಿತು. ಫೋನ್ ಮಾಡಿ ‘ಇನ್ನೊಂದು ಹದಿನೈದು ದಿನ ತಡೀರಿ ಸಾವ್ಕಾರ್ರೇ’ ಅಂದೆ, ಅವರು ‘ಆತು’ ಅಂದರು. ಆಮೇಲೂ ನೋಟಿಸು ಬಂತಲ್ಲ ಎಂದು ಮೊದಲು ನೋವಾಗಿತ್ತು. ಅವರ ಕಡೆಯಿಂದ ಲೆಕ್ಕ ಹಾಕಿ ನೋಡಿದ ಮೇಲೆ ಆ ನೋವು ಉಳಿಯಲಿಲ್ಲ. ಚೆಕ್ ವಾಪಸಾದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಅವರು ಲಿಖಿತ ನೋಟಿಸು ಕಳಿಸದಿದ್ದರೆ, ಆ ವಾಪಸಾತಿಯ ಮೇಲೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಕೇಸು, ಅಂದರೆ ಚೆಕ್ ಬೌನ್ಸಿನ ಕ್ರಿಮಿನಲ್ ಕೇಸು, ಹಾಕಲು ಬರುವುದಿಲ್ಲ. ನನ್ನ ಬಾಯಿಮಾತು ನಂಬಿ ಕೂತಿದ್ದರೆ ಮಾರ್ಚ್ 12ಕ್ಕೆ ಅವರ ಅವಧಿ ಮುಗಿಯುತ್ತಿತ್ತು. ನೋಟಿಸು ಬಂದ ಕೂಡಲೇ ಜಗಳಕ್ಕೆ ಹೋಗುವವರು ಇದನ್ನು ತಿಳಿದಿರಬೇಕು. ಬಹಳ ಸಲ ಅದು ಹಗೆತನವಲ್ಲ, ಅವರ ಗಡುವು.

ಇನ್ನು ನಮ್ಮ ಗಡುವು. ನೋಟಿಸು ಕೈಸೇರಿದ ದಿನ ಬಿಟ್ಟು 15 ದಿನ. ನನಗೆ ಫೆಬ್ರವರಿ 27ರ ಶುಕ್ರವಾರ ಸಿಕ್ಕಿತು, ಹಾಗಾಗಿ 28 ಒಂದನೇ ದಿನ, ಮಾರ್ಚ್ 14 ಹದಿನೈದನೇ ದಿನ. ಕ್ಯಾಲೆಂಡರ್ ತೆಗೆದು ನೋಡಿದರೆ 28 ನಾಲ್ಕನೇ ಶನಿವಾರ, 14 ಎರಡನೇ ಶನಿವಾರ. ಮೊದಲ ದಿನವೂ ಕೊನೆಯ ದಿನವೂ ಬ್ಯಾಂಕಿಗೆ ರಜೆ, ನಡುವೆ ಎರಡು ಭಾನುವಾರ. ಕೌಂಟರಿನಲ್ಲಿ ಆಗಬೇಕಾದ ಕೆಲಸಕ್ಕೆ ನನ್ನ ನಿಜವಾದ ಕೊನೆಯ ದಿನ 13ರ ಶುಕ್ರವಾರ. ನೋಟಿಸಿನ ಮೇಲಿನ ತಾರೀಖು 24 ಇತ್ತು, ಅದರಿಂದ ಎಣಿಸಬೇಕಿಲ್ಲ. ಕವರ್ ಮಾತ್ರ ಬಿಸಾಡಬೇಡಿ. ನಾನು ಅದರ ಮೇಲೇ ಸಿಕ್ಕ ತಾರೀಖು ಬರೆದು ನೋಟಿಸಿಗೆ ಪಿನ್ ಹೊಡೆದಿಟ್ಟೆ. ಸ್ಪೀಡ್ ಪೋಸ್ಟ್ ಸಂಖ್ಯೆ ಹಾಕಿ ಅಂಚೆ ಇಲಾಖೆಯ ಟ್ರ್ಯಾಕಿಂಗ್ ಪುಟದಲ್ಲಿ ‘Item Delivered’ ಎಂದು ಬಂದದ್ದನ್ನೂ ಪ್ರಿಂಟ್ ತೆಗೆಸಿದೆ.

ಕವರ್ ಬಿಡಿಸಿಕೊಳ್ಳದೆ ವಾಪಸ್ ಕಳಿಸಿದರೆ ತಪ್ಪಿಸಿಕೊಳ್ಳಬಹುದು ಎಂಬ ಸಲಹೆ ನನಗೂ ಬಂತು. ಸರಿಯಾದ ವಿಳಾಸಕ್ಕೆ ಬಂದ ಕವರ್ ತಿರಸ್ಕರಿಸಿದರೂ, ಬಾಗಿಲು ಹಾಕಿತ್ತು ಎಂಬ ಷರಾ ಬಿದ್ದರೂ, ತಲುಪಿದಂತೆಯೇ ಎಂದು ಕೋರ್ಟು ಊಹಿಸುತ್ತದೆ. ಹದಿನೈದು ದಿನ ಓಡುತ್ತಿರುತ್ತವೆ, ಒಳಗೆ ಏನಿದೆ ಎಂಬುದು ಮಾತ್ರ ನಮಗೆ ಗೊತ್ತಿರುವುದಿಲ್ಲ.

ಸೋಮವಾರ ಬ್ಯಾಂಕಿಗೆ ಹೋಗಿ ಫೆಬ್ರವರಿ 1ರಿಂದ ಆ ದಿನದವರೆಗಿನ ಸ್ಟೇಟ್‌ಮೆಂಟ್‌ಗೆ ಸೀಲು ಹಾಕಿಸಿಕೊಂಡೆ. ನೋಟಿಸಿನ ಪ್ರತಿಯೊಂದು ಅಂಶವನ್ನು ಚೆಕ್ ಪುಸ್ತಕದ ಕೌಂಟರ್‌ಫಾಯಿಲ್, ಭತ್ತದ ಬಿಲ್ಲು, ಸ್ಟೇಟ್‌ಮೆಂಟ್ ಮೂರರೊಡನೆ ತಾಳೆ ನೋಡಿದೆ. ಚೆಕ್ ಸಂಖ್ಯೆ 000214, ತಾರೀಖು, ಮೊತ್ತ, ವಾಪಸಾದ ಕಾರಣ ಎಲ್ಲ ಸರಿ ಇತ್ತು. ಕೊನೆಯ ಪ್ಯಾರಾದಲ್ಲಿ ಮಾತ್ರ ಚೆಕ್ಕಿನ ₹2,40,000 ಅಲ್ಲದೆ ಶೇ. 18ರಂತೆ ಮೂರು ತಿಂಗಳ ಬಡ್ಡಿ ₹10,800, ನೋಟಿಸು ಖರ್ಚು ₹5,000 ಕೇಳಿದ್ದರು. ಕಲಂ 138ರ ಪ್ರಕಾರ ಹದಿನೈದು ದಿನದಲ್ಲಿ ಕೊಡಬೇಕಾದದ್ದು ಚೆಕ್ಕಿನ ಮೊತ್ತ. ಬಡ್ಡಿ, ಖರ್ಚು ಬೇರೆ ಹಕ್ಕು, ಅವುಗಳಿಗೆ ಬೇರೆ ಮಾತುಕತೆ. ‘ಬಡ್ಡಿ ತಗ್ಗಿಸಿದರೆ ಅಸಲು ಕೊಡ್ತೀನಿ’ ಎಂದು ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿದರೆ ಚೌಕಾಶಿಯಲ್ಲೇ ದಿನ ಕಳೆದು ಕ್ರಿಮಿನಲ್ ಕೇಸಿಗೆ ನಾವೇ ಜಾಗ ಮಾಡಿಕೊಟ್ಟಂತೆ.

3ರ ಮಂಗಳವಾರ ಪಿ.ಜೆ. ಬಡಾವಣೆಯಲ್ಲಿ ಪರಿಚಯದ ವಕೀಲರನ್ನು ಕಂಡೆ. ಉತ್ತರವನ್ನು ವಕೀಲರೇ ಬರೆಯಬೇಕೆಂಬ ಕಟ್ಟಳೆ ಇಲ್ಲ, ಕನ್ನಡದಲ್ಲಿ ನಾವೇ ಬರೆಯಬಹುದು. ನಾನು ಬರೆದುಕೊಂಡು ಹೋದದ್ದನ್ನು ತಿದ್ದಿಕೊಟ್ಟದ್ದಕ್ಕೆ ಅವರು ₹2,000 ತೆಗೆದುಕೊಂಡರು. ಆ ಹಣ ಸಾರ್ಥಕವಾಯಿತು. ನನ್ನ ಕರಡಿನಲ್ಲಿ ‘ವ್ಯಾಪಾರದಲ್ಲಿ ಮುಗ್ಗಟ್ಟು ಇರುವುದರಿಂದ ಆದಷ್ಟು ಬೇಗ ಕೊಡುತ್ತೇನೆ’ ಎಂದಿತ್ತು. ಅವರು ಆ ಸಾಲಿನ ಮೇಲೆ ಪೆನ್ನು ಎಳೆದು ಹೇಳಿದ್ದು ಇಷ್ಟು: ‘ಇದರಾಗ ಸಾಲ ಒಪ್ಪಿಕೊಂಡೀರಿ, ಯಾವತ್ತು ಕೊಡ್ತೀನಿ ಅಂತ ಹೇಳಿಲ್ಲ. ನಾಳೆ ಕೇಸ್ ಆದ್ರೆ ಈ ಕಾಗದನೇ ನಿಮ್ಮ ವಿರುದ್ಧ ಗುರುತು ಮಾಡ್ತಾರ.’

ಉತ್ತರ ಬರೆದರೆ ಕೇಸು ತಪ್ಪುತ್ತದೆ ಎಂದು ನಾನು ನಂಬಿದ್ದೆ, ಸುತ್ತಲಿನವರೂ ಹಾಗೇ ಹೇಳಿದ್ದರು. ಉತ್ತರಕ್ಕೆ ಆ ಶಕ್ತಿ ಇಲ್ಲ. ಹದಿನೈದು ದಿನದೊಳಗೆ ಪೂರ್ತಿ ಮೊತ್ತ ಅವರಿಗೆ ಮುಟ್ಟಿದರೆ ಮಾತ್ರ ಅಪರಾಧ ಆಗುವುದಿಲ್ಲ. ಎಷ್ಟೇ ವಿನಯದ ಭರವಸೆ ಕೊಟ್ಟರೂ ದಿನ ನಿಲ್ಲುವುದಿಲ್ಲ. ಮೇಲಾಗಿ ಸಹಿ ಹಾಕಿ ಸಾಲ ಒಪ್ಪಿಕೊಂಡ ಕಾಗದದಿಂದ ಸಿವಿಲ್ ದಾವೆಯ ಮೂರು ವರ್ಷದ ಕಾಲಮಿತಿ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಹಾಗಾದರೆ ಉತ್ತರ ಯಾಕೆ ಬೇಕು? ನಾವು ಕೊಡುವ ಹಣ ಇದೇ ಚೆಕ್ಕಿಗೆ ಎಂದು ಕಟ್ಟಿಹಾಕುವುದಕ್ಕೆ.

ಇದು ನನ್ನ ಮಟ್ಟಿಗೆ ಬಹಳ ದೊಡ್ಡ ವಿಷಯವಾಗಿತ್ತು. ಅದೇ ವ್ಯಾಪಾರಿಗೆ ಬೇರೆ ಬಿಲ್ಲಿನ ₹64,000 ಬಾಕಿಯೂ ಇತ್ತು. ಭತ್ತದ ವ್ಯವಹಾರ ಗೊತ್ತಲ್ಲ, ಒಂದು ಬಿಲ್ಲು ತೀರುವುದರೊಳಗೆ ಇನ್ನೊಂದು ಲೋಡು ಬಂದಿರುತ್ತದೆ. ಭಾರತೀಯ ಒಪ್ಪಂದ ಕಾಯ್ದೆಯ 59 ಮತ್ತು 60ನೇ ಕಲಮುಗಳು ಹೇಳುವುದೇನೆಂದರೆ, ಹಲವು ಸಾಲ ಇರುವಾಗ ಯಾವುದಕ್ಕೆ ಕೊಡುತ್ತಿದ್ದೇನೆಂದು ಸಾಲಗಾರ ಹೇಳಿದರೆ ಹಣ ಅದಕ್ಕೇ ಜಮೆಯಾಗಬೇಕು. ಹೇಳದಿದ್ದರೆ ಯಾವ ಬಾಕಿಗೆ ಜಮಾ ಮಾಡಿಕೊಳ್ಳಬೇಕೆಂಬುದು ಸಾಲ ಕೊಟ್ಟವನ ಇಷ್ಟ. ಅಂದರೆ ನಾನು ಸುಮ್ಮನೆ ₹2,40,000 ಕಳಿಸಿದ್ದರೆ, ಅದರಲ್ಲಿ ₹64,000 ಹಳೇ ಬಿಲ್ಲಿಗೆ ಮುರಿದುಕೊಂಡು ‘ಚೆಕ್ಕಿನ ಹಣ ಪೂರ್ತಿ ಬಂದಿಲ್ಲ’ ಎನ್ನಲು ಅವರಿಗೆ ದಾರಿ ಇತ್ತು. ಅವರು ಹಾಗೆ ಮಾಡುವವರಲ್ಲ, ಆದರೆ ನನ್ನ ಕಡೆಯಿಂದ ಆ ದಾರಿ ತೆರೆದಿಡುವುದು ಬೇಡ ಎನಿಸಿತು.

ಹಣ ಹೇಗೆ ಕೊಡುವುದು? ಮೊದಲು ಹೊಳೆದದ್ದು ಇನ್ನೊಂದು ಚೆಕ್. ಅದು ಬೇಡ. ಬದಲಿ ಚೆಕ್ ಅವರು ಒಪ್ಪಿದರೂ, ಪಾಸಾಗಿ ಹಣ ಜಮೆಯಾಗುವವರೆಗೆ ಕೊಟ್ಟಂತಲ್ಲ. ಅದೂ ವಾಪಸಾದರೆ ಅದರ ಮೇಲೇ ಇನ್ನೊಂದು ನೋಟಿಸು, ಇನ್ನೊಂದು ಕೇಸು ಬರಬಹುದು. ಡಿಡಿ ಆಗಬಹುದು. ಆದರೆ ಬ್ಯಾಂಕ್ ತೆರೆದಿರಬೇಕು, ಅಂಚೆಯಲ್ಲಿ ಹೋಗಿ ತಲುಪಬೇಕು. ನಗದು ಬೇಡವೇ ಬೇಡ, ರಸೀತಿ ಸಿಗದಿದ್ದರೆ ತೋರಿಸಲು ಏನೂ ಇರುವುದಿಲ್ಲ. ಎನ್‌ಇಎಫ್‌ಟಿ ಅಥವಾ ಆರ್‌ಟಿಜಿಎಸ್ ಎಲ್ಲಕ್ಕಿಂತ ಮೇಲು. ರಜೆ ದಿನವೂ ನಡೆಯುತ್ತದೆ, ಆ ವರ್ಗಾವಣೆಗೆ ಯುಟಿಆರ್ ಎಂಬ ಗುರುತಿನ ಸಂಖ್ಯೆ ಸಿಗುತ್ತದೆ, ಹಣ ಜಮೆಯಾದ ದಿನದ ಬಗ್ಗೆ ತಕರಾರು ಬರುವುದಿಲ್ಲ. ಆರ್‌ಟಿಜಿಎಸ್‌ಗೆ ಕನಿಷ್ಠ 2 ಲಕ್ಷ ಬೇಕು. ನನ್ನ ಬಳಿ ಒಂದೇ ಸಲಕ್ಕೆ ಅಷ್ಟು ಇರಲಿಲ್ಲ, ಹಾಗಾಗಿ ಎನ್‌ಇಎಫ್‌ಟಿಯಲ್ಲಿ ಎರಡು ಕಂತು: 6ಕ್ಕೆ ₹1,50,000, 12ಕ್ಕೆ ₹90,000. ಎರಡನೆಯದನ್ನು 14ಕ್ಕೆ ಇಡದೆ 12ಕ್ಕೆ ಇಟ್ಟದ್ದು, ಏನಾದರೂ ಕೈಕೊಟ್ಟರೆ 13ರ ಶುಕ್ರವಾರ ಬ್ಯಾಂಕ್ ಬಾಗಿಲು ತೆರೆದಿರುತ್ತದೆ ಎಂದು.

ಇಲ್ಲಿ ಅಡಚಣೆ ಬಂತು. ಯಾವ ಖಾತೆಗೆ ಹಾಕುವುದೆಂದು ನೋಟಿಸಿನಲ್ಲಿ ಇರಲಿಲ್ಲ. ವ್ಯಾಪಾರಿಯನ್ನು ಕೇಳಿದರೆ ‘ವಕೀಲರನ್ನ ಕೇಳ್ರಿ’, ವಕೀಲರ ಆಫೀಸಿಗೆ ಫೋನ್ ಮಾಡಿದರೆ ‘ಸರ್ ಕೋರ್ಟಿನಾಗ ಅದಾರ’. ಎರಡು ದಿನ ಹೀಗೇ ಹೋಯಿತು. ನನಗೆ ರಾತ್ರಿ ನಿದ್ದೆ ಬಾರದಿದ್ದದ್ದು ಆ ಎರಡು ದಿನ. ಕೈಯಲ್ಲಿ ಹಣ ಇದೆ, ಕೊಡಲು ಜಾಗವಿಲ್ಲ. ಕೊನೆಗೆ 5ರಂದು ಇಬ್ಬರಿಗೂ ವಾಟ್ಸಾಪಿನಲ್ಲಿ ‘ಚೆಕ್ ಸಂಖ್ಯೆ 000214ರ ಹಣ ಕಳಿಸಲು ಸಿದ್ಧನಿದ್ದೇನೆ, ಖಾತೆ ವಿವರ ಕೊಡಿ, ಬರದಿದ್ದರೆ ನಾಳೆ ನಿಮ್ಮ ಹೆಸರಿಗೆ ಡಿಡಿ ತೆಗೆಸಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ’ ಎಂದು ಬರೆದೆ. ಸಂಜೆ ಖಾತೆ ಸಂಖ್ಯೆ ಬಂತು. ನಿಮಗೂ ಹೀಗಾದರೆ ಕಾಯುತ್ತಾ ಕೂರಬೇಡಿ. ಕೊಡಲು ಹೋದದ್ದಕ್ಕೆ ಬರಹದ ಗುರುತು ಇರಲಿ, ಡಿಡಿಗೆ ಸಾಕಾಗುವಷ್ಟು ದಿನ ಉಳಿದಿರಲಿ. ಬೇರೆ ಯಾರದೋ ಹೆಸರಿನ ಖಾತೆಗೆ ಹಾಕಿ ಎಂದರೆ, ಚೆಕ್ ಯಾರ ಹೆಸರಿಗಿತ್ತೋ ಅವರ ಬರವಣಿಗೆ ಇಲ್ಲದೆ ಹಾಕಬೇಡಿ.

6ರ ಬೆಳಿಗ್ಗೆ ಮೊಬೈಲಿನಲ್ಲಿ ಹಾಕಲು ಹೋದೆ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ 24 ಗಂಟೆ ನನ್ನ ಬ್ಯಾಂಕು ₹50,000ಕ್ಕಿಂತ ಹೆಚ್ಚು ಬಿಡುವುದಿಲ್ಲ ಎಂದು ಆಗ ಗೊತ್ತಾಯಿತು. ಶಾಖೆಗೆ ಹೋಗಿ ಫಾರಂ ತುಂಬಿ ಕಳಿಸಿದೆ. ಈ ಮಿತಿ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ತರಹ. ಕೊನೆಯ ದಿನಕ್ಕೆ ಇಟ್ಟುಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. ರಿಮಾರ್ಕ್ಸ್ ಜಾಗದಲ್ಲಿ ಹೀಗೆ ಬರೆಸಿದೆ:

```
CHQ 000214 PART 1
```

ಅಷ್ಟು ಸಣ್ಣ ಸಾಲು ಅವರ ಸ್ಟೇಟ್‌ಮೆಂಟಿನಲ್ಲೂ ಕಾಣಿಸಿದೆ ಎಂದು ಆಮೇಲೆ ಅವರ ಅಂಗಡಿಯಲ್ಲೇ ನೋಡಿದೆ. ಆದರೂ ಎಲ್ಲ ಬ್ಯಾಂಕಿನಲ್ಲೂ ಅದು ಪೂರ್ತಿ ಕಾಣುತ್ತದೆ ಎನ್ನುವಂತಿಲ್ಲ, ಕಾಗದವೂ ಬೇಕು. ಯುಟಿಆರ್ ಕೈಗೆ ಬಂದ ಮೇಲೆ, ಅದೇ ಮಧ್ಯಾಹ್ನ ಉತ್ತರ ಕಳಿಸಿದೆ. ಅದರ ಮುಖ್ಯ ಭಾಗ ಇದು:

‘ದಿನಾಂಕ 24-02ರ ನಿಮ್ಮ ನೋಟಿಸು ನನಗೆ 27-02ರಂದು ತಲುಪಿದೆ. ನಿಮ್ಮ ಕಕ್ಷಿದಾರರಿಗೆ ಭತ್ತದ ಬಾಬ್ತು ನಾನು ಕೊಟ್ಟ ₹2,40,000ದ, ದಿನಾಂಕ 05-02ರ ಚೆಕ್ ಸಂಖ್ಯೆ 000214, ಖಾತೆಯಲ್ಲಿ ಸಾಕಷ್ಟು ಹಣವಿಲ್ಲದ ಕಾರಣ 09-02ರಂದು ವಾಪಸಾಗಿರುವುದು ನಿಜ. ಇದಕ್ಕಾಗಿ ವಿಷಾದಿಸುತ್ತೇನೆ. ಸದರಿ ಚೆಕ್ಕಿನ ಮೊತ್ತದ ಬಾಬ್ತು ₹1,50,000ವನ್ನು ಈ ದಿನ ನಿಮ್ಮ ಕಕ್ಷಿದಾರರ ಖಾತೆಗೆ ಎನ್‌ಇಎಫ್‌ಟಿ ಮಾಡಿದ್ದೇನೆ, ಯುಟಿಆರ್ ಕೆಳಗಿದೆ. ಉಳಿದ ₹90,000ವನ್ನು 12-03ರಂದು ಅದೇ ಖಾತೆಗೆ ಜಮಾ ಮಾಡುತ್ತೇನೆ. ಈ ಎರಡೂ ಮೊತ್ತಗಳನ್ನು ಸದರಿ ಚೆಕ್ಕಿಗೆ ಮಾತ್ರ ಜಮಾ ಮಾಡಿಕೊಳ್ಳತಕ್ಕದ್ದು, ಬೇರೆ ಯಾವುದೇ ಬಾಕಿಗೆ ಅಲ್ಲ. ಪೂರ್ತಿ ಹಣ ಮುಟ್ಟಿದ ನಂತರ ಮೂಲ ಚೆಕ್ ಮತ್ತು ರಿಟರ್ನ್ ಮೆಮೋವನ್ನು ಹಿಂದಿರುಗಿಸಿ, ಚೆಕ್ಕನ್ನು ಮತ್ತೆ ಬ್ಯಾಂಕಿಗೆ ಹಾಕಬಾರದೆಂದು ಕೋರುತ್ತೇನೆ. ಬಡ್ಡಿ ಮತ್ತು ಖರ್ಚಿನ ಬೇಡಿಕೆಯನ್ನು ನಾನು ಒಪ್ಪಿಕೊಂಡಿಲ್ಲ. ಆ ಬಗ್ಗೆ ಪ್ರತ್ಯೇಕವಾಗಿ ಮಾತನಾಡಲು ಸಿದ್ಧನಿದ್ದೇನೆ.’

ಕಾರಣ ವಿವರಿಸುವ ಪ್ಯಾರಾ ಒಂದಿತ್ತು, ತೆಗೆದುಹಾಕಿದೆವು. ನನಗೆ ಯಾರು ಹಣ ಕೊಡಲಿಲ್ಲ ಎಂಬುದು ಅವರಿಗೆ ಬೇಕಿಲ್ಲ. ‘ಸೆಕ್ಯುರಿಟಿಗೆ ಕೊಟ್ಟಿದ್ದ ಚೆಕ್’ ಎಂದು ಸೇರಿಸಿ ಎಂದೂ ಒಬ್ಬರು ಹೇಳಿದ್ದರು. ಸುಳ್ಳು, ಮೇಲಾಗಿ ಒಪ್ಪಿಗೆಯ ಪತ್ರದಲ್ಲಿ ಅಂಥ ಒಂದು ಸಾಲು ಇದ್ದರೆ ಉಳಿದೆಲ್ಲ ಸಾಲಿನ ಮೇಲೂ ಅನುಮಾನ ಬರುತ್ತದೆ. ಒಂದು ಪ್ರತಿ ವಕೀಲರಿಗೆ, ಒಂದು ವ್ಯಾಪಾರಿಗೆ. ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೇಳಬೇಡಿ, 2025ರ ಸೆಪ್ಟೆಂಬರ್ 1ರಿಂದ ಅದು ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಎರಡು ಕವರಿಗೆ ನೂರು ರೂಪಾಯಿಯೂ ಆಗಲಿಲ್ಲ.

12ರಂದು ಉಳಿದ ₹90,000 ಹೋಯಿತು, 13ಕ್ಕೆ ಎರಡು ಸಾಲಿನ ಇನ್ನೊಂದು ಪತ್ರ, ಅದರಲ್ಲಿ ಎರಡೂ ಯುಟಿಆರ್. ಹದಿಮೂರನೇ ದಿನಕ್ಕೆ ಚೆಕ್ಕಿನ ಹಣ ಪೂರ್ತಿ ಮುಟ್ಟಿತ್ತು.

ಇಷ್ಟು ದಿನದಲ್ಲಿ ಪೂರ್ತಿ ಹೊಂದಿಸಲು ಆಗದವರು ಏನು ಮಾಡಬೇಕು ಎಂದು ನನ್ನ ಭಟ್ಟಿ ಪಕ್ಕದವರೇ ಕೇಳಿದರು. ಆದಷ್ಟು ಕಟ್ಟಿ, ಉಳಿದದ್ದಕ್ಕೆ ಅವಧಿ ಕೇಳಬಹುದು. ಆದರೆ ಅವರು ಒಪ್ಪಲೇಬೇಕೆಂದಿಲ್ಲ, ಒಪ್ಪಿದರೆ ಅವರ ಸಹಿಯೂ ಬೇಕು. ಹದಿನೈದು ದಿನ ಮುಗಿದ ಮೇಲೆ ಕೋರ್ಟಿಗೆ ದೂರು ಕೊಡಲು ಅವರಿಗಿರುವುದು ಒಂದು ತಿಂಗಳು. ನನ್ನ ಲೆಕ್ಕದಲ್ಲಿ ಅದು ಏಪ್ರಿಲ್ ಮಧ್ಯದವರೆಗೆ. ಮೇ ತಿಂಗಳ ಕಂತು ಕೇಳಿದರೆ, ಆ ಹೊತ್ತಿಗೆ ಅವರ ಕೇಸಿನ ಅವಧಿ ಮುಗಿದಿರುತ್ತದೆ. ಆದ್ದರಿಂದ ಏಪ್ರಿಲ್ ಮೊದಲ ವಾರದೊಳಗೆ ಮುಗಿಯುವ ಕಂತು ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ಅದಕ್ಕಿಂತ ಮುಂದಕ್ಕೆ ಹೋದರೆ ಹೊಸ ಚೆಕ್ ಕೇಳುತ್ತಾರೆ. ಆಗ ಹಳೇ ಚೆಕ್ ವಾಪಸ್ ಪಡೆದೇ ಹೊಸದನ್ನು ಕೊಡಬೇಕು, ಯಾವುದರ ಬದಲಿಗೆ ಯಾವುದು ಎಂದು ಒಪ್ಪಂದದ ಕಾಗದದಲ್ಲಿ ಬರೆಸಬೇಕು. ಹೊಸದು ವಾಪಸಾದರೆ ಅದರ ಮೇಲೆ ಕೇಸು ಬರುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟೇ ಸಹಿ ಹಾಕಿ.

ಹಣ ಮುಟ್ಟಿದ ಮೇಲೆ ಉಳಿದದ್ದು ಆ ಮೂಲ ಚೆಕ್. ಚೆಕ್ಕಿನ ಅವಧಿ ತಾರೀಖಿನಿಂದ ಮೂರು ತಿಂಗಳು, ಮೇ ಮೊದಲ ವಾರದವರೆಗೂ ಅದನ್ನು ಮತ್ತೆ ಹಾಕಬಹುದಿತ್ತು. ಅಷ್ಟರಲ್ಲಿ ಖಾತೆಯಲ್ಲಿ ಹಣವಿದ್ದರೆ ಎರಡನೇ ಸಲ ₹2,40,000 ಹೋಗುತ್ತಿತ್ತು. ಹಾಗಾಗಿ 13ರಂದೇ ಬ್ಯಾಂಕಿಗೆ, ಎರಡೂ ಯುಟಿಆರ್ ನಮೂದಿಸಿ, ಆ ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಅರ್ಜಿ ಕೊಟ್ಟೆ. ಇದನ್ನು ಹಣ ಕೊಟ್ಟ ನಂತರವೇ ಮಾಡಬೇಕು. ಮೊದಲೇ ಮಾಡಿದರೆ ಕೊಡುವ ಮನಸ್ಸೇ ಇರಲಿಲ್ಲ ಎಂದಾಗುತ್ತದೆ, ಸ್ಟಾಪ್ ಪೇಮೆಂಟ್‌ನಿಂದ ವಾಪಸಾದ ಚೆಕ್ಕಿಗೂ ಕಲಂ 138 ಅನ್ವಯಿಸುತ್ತದೆ.

ಎಪಿಎಂಸಿಗೆ ಮೂರು ಸಲ ಹೋದೆ. ‘ಚೆಕ್ ವಕೀಲರ ಹತ್ರ ಐತಿ, ಯುಗಾದಿ ಮುಗೀಲಿ’ ಎಂದರು. ಅಷ್ಟರಲ್ಲಿ ಬಡ್ಡಿಯ ಮಾತೂ ಆಯಿತು. ಮೂರು ತಿಂಗಳದ್ದು ಕೇಳಿದ್ದರು, ಬಿಲ್ಲಿನಲ್ಲಿದ್ದ ಗಡುವಿನ ಪ್ರಕಾರ ಒಂದೇ ತಿಂಗಳು ತಡವಾಗಿದ್ದನ್ನು ತೋರಿಸಿದೆ. ₹3,600ಕ್ಕೆ ಒಪ್ಪಿದರು. ನೋಟಿಸಿನ ₹5,000, ಅವರ ಬ್ಯಾಂಕ್ ಹಿಡಿದುಕೊಂಡಿದ್ದ ₹177 ಕೊಟ್ಟೆ, ಅದು ನ್ಯಾಯವೇ. ಒಟ್ಟು ₹8,777, ಅದನ್ನೂ ಬೇರೆ ಎನ್‌ಇಎಫ್‌ಟಿಯಲ್ಲಿ.

23ರ ಸೋಮವಾರ ಸಂಜೆ ತೂಕದ ಯಂತ್ರದ ಪಕ್ಕದ ಗಲ್ಲಾಪೆಟ್ಟಿಗೆಯಿಂದ ಚೆಕ್ ತೆಗೆದು ಕೊಟ್ಟರು. ಹಿಂದೆ ಅವರ ಬ್ಯಾಂಕಿನ ಸೀಲು, ಮೂಲೆಯಲ್ಲಿ ಮೆಮೋ ಪಿನ್ ಹೊಡೆದ ಎರಡು ತೂತು. ಸಂಖ್ಯೆ ನೋಡಿ, ನನ್ನ ಸಹಿ ನೋಡಿ, ಮೂಲವೇ ಹೌದು, ಜೆರಾಕ್ಸ್ ಅಲ್ಲ ಎಂದು ಬೆರಳಿನಲ್ಲಿ ಮುಟ್ಟಿ ನೋಡಿದೆ. ಅವರ ಲೆಟರ್‌ಹೆಡ್ಡಿನಲ್ಲಿ ‘ಚೆಕ್ ಸಂಖ್ಯೆ 000214ರ ಬಾಬ್ತು ಪೂರ್ತಿ ಹಣ, ಬಡ್ಡಿ, ಖರ್ಚು ಮುಟ್ಟಿದೆ, ಈ ಚೆಕ್ಕಿನ ಬಗ್ಗೆ ಯಾವುದೇ ತಕರಾರಿಲ್ಲ’ ಎಂದು ಬರೆಸಿ ಸಹಿ, ಸೀಲು ಹಾಕಿಸಿದೆ. ₹64,000ದ ಬಿಲ್ಲು ಬಾಕಿ ಇದೆ ಎಂಬುದನ್ನೂ ಅದರಲ್ಲೇ ಒಂದು ಸಾಲು ಸೇರಿಸಲು ಅವರು ಕೇಳಿದರು, ಸೇರಿಸಿದೆವು. ಮನೆಗೆ ಬಂದು ಚೆಕ್ಕಿನ ಮೇಲೆ ಎರಡು ಗೆರೆ ಎಳೆದು ರದ್ದು ಎಂದು ಬರೆದು, ಸಹಿಯ ಜಾಗ ಕತ್ತರಿಸಿ, ನೋಟಿಸು, ಕವರ್, ಎರಡೂ ಪತ್ರದ ಪ್ರತಿ, ಅಂಚೆ ರಸೀತಿ, ಸೀಲಿನ ಸ್ಟೇಟ್‌ಮೆಂಟ್ ಜೊತೆ ಒಂದೇ ಫೈಲಿನಲ್ಲಿಟ್ಟಿದ್ದೇನೆ.